ಹೆಸರು ಹೊಡೆದುಹಾಕಿದ ಮೇಲೆ ಉಳಿದಿದ್ದು ನಾಲ್ಕು ಸಾಲು

ಪೀಣ್ಯದ ಒಂದು ಆಟೋ ಬಿಡಿಭಾಗದ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಎಂಜಿನಿಯರ್ ಆಗಿದ್ದಾಗಿನ ಮಾತಿದು. ಏಪ್ರಿಲ್ ಕೊನೆಗೆ ಅಪ್ರೈಸಲ್ ಪತ್ರ ಬಂತು. ನನಗೆ ಇನ್‌ಕ್ರಿಮೆಂಟ್, ನನಗಿಂತ ಮೂರು ವರ್ಷ ಕಡಿಮೆ ಸರ್ವಿಸ್ ಇದ್ದವನಿಗೆ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ. ಅವನು ದಿನಾ ಸಂಜೆ ಮ್ಯಾನೇಜರ್ ಕಾರಿನಲ್ಲೇ ಮನೆಗೆ ಹೋಗುತ್ತಿದ್ದ. ಕ್ಯಾಂಟೀನಿನಲ್ಲಿ ಎಲ್ಲರದ್ದೂ ಒಂದೇ ಮಾತು, 'ಗೊತ್ತಿದ್ದದ್ದೇ ಅಲ್ವಾ.'

ಆ ರಾತ್ರಿ ಕೂತು ಎರಡು ಪುಟದ ಮೇಲ್ ಬರೆದೆ. ಪುಣ್ಯಕ್ಕೆ ಕಳಿಸಲಿಲ್ಲ. ಬೆಳಿಗ್ಗೆ ಹೆಂಡತಿ ಓದಿ, "ಇದರಲ್ಲಿ ನೀವು ಏನು ಕೆಲಸ ಮಾಡಿದ್ರಿ ಅಂತ ಗೊತ್ತೇ ಆಗಲ್ಲ ರೀ, ಬರೀ ಅವನ ಕಥೆ ಇದೆ" ಅಂದಳು. ಎಣಿಸಿದೆ. ಅವನ ಹೆಸರು ಏಳು ಸಲ ಬಂದಿತ್ತು. ಹೆಸರಿದ್ದ ವಾಕ್ಯಗಳನ್ನೆಲ್ಲ ಹೊಡೆದುಹಾಕಿದರೆ ಉಳಿದಿದ್ದು ನಾಲ್ಕು ಸಾಲು.

ಹತ್ತು ದಿನ ಸುಮ್ಮನಿದ್ದೆ. ಪತ್ರ ಬಂದ ವಾರ ಎಲ್ಲರೂ ಮುಖ ಊದಿಸಿಕೊಂಡು ಮ್ಯಾನೇಜರ್ ಬಾಗಿಲು ತಟ್ಟುತ್ತಾರೆ. ಆಗ ಯಾರ ಮಾತೂ ಅವರ ಕಿವಿಗೆ ಹೋಗುವುದಿಲ್ಲ.

ಆ ಹತ್ತು ದಿನದಲ್ಲಿ ಹಿಂದಿನ ವರ್ಷದ ಫೈಲುಗಳನ್ನು ತೆಗೆದು ನೋಡಿದೆ. ಕಸ್ಟಮರ್ ಕಂಪ್ಲೇಂಟ್ ಬಂದಾಗಲೆಲ್ಲ ನಾವು 8ಡಿ ರಿಪೋರ್ಟ್ ಬರೆಯಬೇಕು. ತಪ್ಪು ಎಲ್ಲಾಯಿತು, ಮೂಲ ಕಾರಣವೇನು, ಮತ್ತೆ ಆಗದಂತೆ ಏನು ಮಾಡಿದೆವು ಅನ್ನುವುದೆಲ್ಲ ಅದರಲ್ಲಿರುತ್ತದೆ. ದೊಡ್ಡ ಕಂಪ್ಲೇಂಟಾದರೆ ಒಬ್ಬರು ಕಸ್ಟಮರ್ ಪ್ಲಾಂಟಿಗೇ ಹೋಗಿ ಅದನ್ನು ವಿವರಿಸಬೇಕು. ಆ ವರ್ಷ ಅಂಥ ಭೇಟಿ ಐದು ಆಗಿದ್ದವು. ನಾಲ್ಕರ ರಿಪೋರ್ಟ್ ಬರೆದವನು ನಾನು. ಐದಕ್ಕೂ ಹೋದವನು ಅವನು.

ನನಗೆ ವಿಷಯ ಅರ್ಥವಾಗಿದ್ದು ಅಲ್ಲಿ. ಪಕ್ಷಪಾತ ಏಪ್ರಿಲ್‌ನಲ್ಲಿ ಆಗಿರಲಿಲ್ಲ, ವರ್ಷವಿಡೀ ಕೆಲಸ ಹಂಚುವಾಗ ಆಗಿತ್ತು. ಏಪ್ರಿಲ್ ಬರುವಷ್ಟರಲ್ಲಿ 'ಅವನಿಗೆ ಕಸ್ಟಮರ್ ಅನುಭವ ಇದೆ' ಅನ್ನುವುದು ನಿಜವೇ ಆಗಿಬಿಟ್ಟಿತ್ತು. ಪ್ರಮೋಷನ್ ಬಗ್ಗೆ ಜಗಳ ಆಡಿದ್ದರೆ ನಾನು ಸೋಲುತ್ತಿದ್ದೆ.

ಮ್ಯಾನೇಜರ್ ಹತ್ತಿರ ಇಪ್ಪತ್ತು ನಿಮಿಷ ಕೇಳಿಕೊಂಡೆ, 'ಮುಂದಿನ ವರ್ಷದ ಜವಾಬ್ದಾರಿ ಬಗ್ಗೆ' ಅಂತ. ಒಳಗೆ ಹೋಗಿ ಮೊದಲು ಹೇಳಿದ್ದು, "ಸಾರ್, ತೀರ್ಮಾನ ಬದಲಾಯಿಸಿ ಅಂತ ಕೇಳೋಕೆ ಬಂದಿಲ್ಲ. ಆ ಹುದ್ದೆಗೆ ಏನೇನು ನೋಡಿದ್ರಿ, ನನ್ನಲ್ಲಿ ಯಾವುದು ಕಮ್ಮಿ ಇತ್ತು ಅಂತ ತಿಳ್ಕೋಬೇಕಿತ್ತು."

"ನೋಡಪ್ಪಾ, ನಿನ್ನ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಕಸ್ಟಮರ್ ಮುಂದೆ ನಿಂತು ಮಾತಾಡಿದವನು ಬೇಕಿತ್ತು. ಹುಡುಗ ಚುರುಕಾಗಿದ್ದಾನೆ."

ಇಲ್ಲಿ ನಾನು ಎಡವಿದೆ. "ಹೌದು ಸಾರ್, ದಿನಾ ನಿಮ್ಮ ಕಾರಲ್ಲೇ ಹೋಗ್ತಾನಲ್ಲ" ಅಂದುಬಿಟ್ಟೆ. ಅವರ ಮುಖ ಗಂಟಾಯಿತು. ಆಮೇಲೆ ಹತ್ತು ನಿಮಿಷ ತಾವು ಎಷ್ಟು ನ್ಯಾಯವಾಗಿ ನಡೆದುಕೊಳ್ಳುತ್ತೇವೆ ಅಂತ ಹೇಳುವುದರಲ್ಲೇ ಕಳೆದರು. ನನ್ನ ಇಪ್ಪತ್ತು ನಿಮಿಷದಲ್ಲಿ ಅರ್ಧ ಆ ಒಂದು ಮಾತಿಗೇ ಹೋಯಿತು. ಕೊನೆಗೆ "ತಪ್ಪಾಯ್ತು ಸಾರ್, ಅದು ಬೇಡ" ಅಂತ ಹೇಳಿ, ಭೇಟಿಗಳ ಒಂದು ಹಾಳೆಯ ಪಟ್ಟಿ ಮುಂದಿಟ್ಟೆ. ಅದರಲ್ಲಿ ತಾರೀಕು, ಕಂಪ್ಲೇಂಟು, ರಿಪೋರ್ಟ್ ಬರೆದವರು, ಹೋದವರು, ಇಷ್ಟೇ.

"ಈ ವರ್ಷ ರಿಪೋರ್ಟ್ ಬರೆದವರೇ ಹೋಗಲಿ ಅಂತ ಮಾಡೋಕಾಗುತ್ತಾ ಸಾರ್?"

ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. ಆ ಪಟ್ಟಿಯನ್ನು ಅವರೂ ಒಟ್ಟಿಗೆ ಯಾವತ್ತೂ ನೋಡಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. "ಆಗ್ಲಿ, ಮಾಡೋಣ" ಅಂದರು.

ಅವತ್ತೇ ಸಂಜೆ ಐದು ಸಾಲಿನ ಮೇಲ್ ಹಾಕಿದೆ. ಮಾತಾಡಿದ್ದಕ್ಕೆ ಥ್ಯಾಂಕ್ಸ್, ನಾವು ಒಪ್ಪಿದ್ದು ಇದು, ಅಕ್ಟೋಬರ್ ರಿವ್ಯೂನಲ್ಲಿ ಇದನ್ನು ಮತ್ತೆ ನೋಡೋಣ ಅಂತ. ಎಚ್‌ಆರ್ ಅನ್ನು ಸಿಸಿಯಲ್ಲಿ ಹಾಕಲಿಲ್ಲ. ಹಾಕಿದ್ದರೆ ಅದು ದೂರು ಆಗುತ್ತಿತ್ತು. ಅಕ್ಟೋಬರ್‌ನಲ್ಲೂ ಏನೂ ಆಗದಿದ್ದರೆ ಅದೇ ಹಾಳೆ, ಅದೇ ಮೇಲ್ ಹಿಡಿದು ಎಚ್‌ಆರ್ ಹತ್ತಿರ ಹೋಗೋಣ ಅಂದುಕೊಂಡಿದ್ದೆ. ಜಾತಿ ನೋಡಿಯೋ ಹೆಣ್ಣು ಅಂತಲೋ ಹಿಂದೆ ಹಾಕಿದ್ದರೆ ಮಾತ್ರ ಈ ದಾರಿ ಸಾಲದು. ಅಲ್ಲಿ ನೇರವಾಗಿ ಲಿಖಿತ ದೂರನ್ನೇ ಕೊಡಬೇಕು.

ಅಕ್ಟೋಬರ್ ಹೊತ್ತಿಗೆ ಮೂರು ಭೇಟಿಯಲ್ಲಿ ಎರಡಕ್ಕೆ ನಾನು ಹೋಗಿದ್ದೆ. ಮುಂದಿನ ಏಪ್ರಿಲ್‌ನಲ್ಲೂ ಪ್ರಮೋಷನ್ ಸಿಗಲಿಲ್ಲ. ಅದರ ಮುಂದಿನ ವರ್ಷ ಸಿಕ್ಕಿತು.

ಈಗ ಭೇಟಿಗೆ ಯಾರು ಹೋಗಬೇಕು ಅಂತ ಬರೆಯುವವನು ನಾನೇ. ಹೋದ ತಿಂಗಳು ಪಟ್ಟಿ ತೆಗೆದು ನೋಡಿದರೆ ಸತತ ಮೂರು ಸಲ ಒಬ್ಬ ಹುಡುಗನನ್ನೇ ಕಳಿಸಿದ್ದೇನೆ. ಅವನಿಗೆ ಹಿಂದಿ ಚೆನ್ನಾಗಿ ಬರುತ್ತದೆ ಅಂತ ನನ್ನ ಹತ್ತಿರವೂ ಕಾರಣ ರೆಡಿ ಇತ್ತು. ನಾಲ್ಕನೆಯದಕ್ಕೆ ರಿಪೋರ್ಟ್ ಬರೆದ ಹುಡುಗಿಯನ್ನೇ ಕಳಿಸಿದೆ. ಎರಡು ದಿನ ಮೊದಲು ಅವಳನ್ನು ಕೂರಿಸಿಕೊಂಡು, ಕಸ್ಟಮರ್ ಏನೇನು ಕೇಳಬಹುದು ಅಂತ ಹಿಂದಿಯಲ್ಲೇ ಅಭ್ಯಾಸ ಮಾಡಿಸಿದೆ. ನನ್ನ ಹಿಂದಿ ಕೇಳಿ ಅವಳೇ ನಕ್ಕಳು.