ಮಿನುಗದ ವಾಟರ್‌ಕಲರ್ ಫಿಲ್ಟರ್: ಡಿಫ್ಯೂಷನ್‌ನಿಂದ ಫೋನ್ ಕ್ಯಾಮೆರಾಗೆ

ಸೆಲ್ಫಿ ಕ್ಯಾಮೆರಾ ತೆರೆದರೆ ಮುಖ ವಾಟರ್‌ಕಲರ್ ಚಿತ್ರದ ಹಾಗೆ ಕಾಣಬೇಕು. ಅದೂ ಲೈವ್ ಆಗಿ, ಇಂಟರ್ನೆಟ್ ಇಲ್ಲದೆ, ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ. ಸ್ಟೈಲ್ ಆಗಲೇ ಕೈಯಲ್ಲಿತ್ತು. ಸ್ಟೇಬಲ್ ಡಿಫ್ಯೂಷನ್ 1.5 ಎಂಬ ಚಿತ್ರ ಬರೆಯುವ ಡಿಫ್ಯೂಷನ್ ಮಾಡೆಲ್ ಮೇಲೆ ಒಂದು ಲೋರಾ, ಅಂದರೆ ಸ್ಟೈಲ್ ಕಲಿಸುವ ಸಣ್ಣ ಸೇರ್ಪಡೆ, ತರಬೇತಿ ಮಾಡಿಟ್ಟಿದ್ದೆ, ಫೋಟೋ ಕೊಟ್ಟರೆ ಚೆಂದದ ಚಿತ್ರ ಬರುತ್ತಿತ್ತು. ಆದರೆ ಒಳ್ಳೆಯ ಜಿಪಿಯು ಮೇಲೂ ಒಂದು ಚಿತ್ರಕ್ಕೆ ಸೆಕೆಂಡುಗಳು ಬೇಕು. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸಿಗುವುದು 33 ಮಿಲಿಸೆಕೆಂಡ್. ಕ್ಯಾಮೆರಾ, ಪರದೆ ಎಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಮಾಡೆಲ್‌ಗೆ 15ರ ಆಸುಪಾಸು ಉಳಿದರೆ ಹೆಚ್ಚು.

ಹಾಗಾಗಿ ಡಿಫ್ಯೂಷನ್ ಫೋನಿಗೆ ಬರುವುದೇ ಇಲ್ಲ. ಅದು ಗುರು. ಸಾವಿರಾರು ಮುಖದ ಫೋಟೋಗಳಿಗೆ ಮೊದಲೇ ಚಿತ್ರ ಬರೆದುಕೊಡುತ್ತದೆ. ಆ ಫೋಟೋ–ಚಿತ್ರ ಜೋಡಿಗಳನ್ನು ನೋಡಿ ಒಂದು ಪುಟ್ಟ ಯು-ನೆಟ್, ಅಂದರೆ ಚಿತ್ರ ಕೊಟ್ಟರೆ ಚಿತ್ರ ಕೊಡುವ ನ್ಯೂರಲ್ ನೆಟ್‌ವರ್ಕ್, ಕಲಿಯುತ್ತದೆ, ಅದು ಶಿಷ್ಯ. ಒಂದೇ ಪಾಸ್‌ನಲ್ಲಿ ಫ್ರೇಮ್ ಒಳಗೆ, ಚಿತ್ರ ಹೊರಗೆ. ಹೇಳುವುದಕ್ಕೆ ಇಷ್ಟು ಸುಲಭ. ನನ್ನ ಸಮಯ ಜಾಸ್ತಿ ಹೋಗಿದ್ದು ಶಿಷ್ಯನ ಮೇಲಲ್ಲ, ಗುರುವನ್ನು ಹದ್ದುಬಸ್ತಿನಲ್ಲಿ ಇಡುವುದರಲ್ಲಿ.

ಯಾಕೆಂದರೆ ಡಿಫ್ಯೂಷನ್‌ಗೆ ಒಂದೇ ಫೋಟೋ ಎರಡು ಸಲ ಕೊಟ್ಟರೆ ಎರಡು ಉತ್ತರ ಬರುತ್ತದೆ. ಒಂದರಲ್ಲಿ ಕೂದಲು ನೀಲಿ ಕಡೆ ವಾಲಿರುತ್ತದೆ, ಇನ್ನೊಂದರಲ್ಲಿ ಕಂದು. ಎರಡೂ ಚೆನ್ನಾಗಿಯೇ ಇರುತ್ತವೆ. ಆದರೆ ಎಲ್‌1 ಲಾಸ್‌ನಲ್ಲಿ, ಅಂದರೆ ಪಿಕ್ಸೆಲ್‌ಗಳ ವ್ಯತ್ಯಾಸ ಕಡಿಮೆ ಮಾಡುತ್ತಾ, ಕಲಿಯುವ ಶಿಷ್ಯ ಎರಡರ ನಡುವೆ ಹೋಗಿ ಕೂರುತ್ತಾನೆ. ಫಲಿತಾಂಶ, ಮಸುಕಾದ ಬೂದು ಕೂದಲು. ಮದ್ದು ಸರಳ: ಡಿಫ್ಯೂಷನ್ ಶುರುಮಾಡುವ ಯಾದೃಚ್ಛಿಕ ನಾಯ್ಸ್ ಎಲ್ಲ ಫೋಟೋಗಳಿಗೂ ಒಂದೇ ಇರಲಿ. ಇಲ್ಲೊಂದು ಸೂಕ್ಷ್ಮ ಇದೆ. ಆ ನಾಯ್ಸ್ ಹುಟ್ಟಿಸುವ ಜನರೇಟರ್ ಅನ್ನು ಲೂಪ್‌ನ ಹೊರಗೆ ಒಮ್ಮೆ ಮಾಡಿಟ್ಟರೆ ಸಾಲದು. ಪ್ರತಿ ಸಲ ಬಳಸಿದಾಗ ಅದರ ಸ್ಥಿತಿ ಮುಂದಕ್ಕೆ ಹೋಗುತ್ತದೆ, ನಾಯ್ಸ್ ಬದಲಾಗುತ್ತದೆ. ಲೂಪ್‌ನ ಒಳಗೇ ಹೊಸದಾಗಿ ಸೀಡ್ ಕೊಡಬೇಕು:

```python
for img in photos:
    g = torch.Generator("cuda").manual_seed(7)
    out = pipe(prompt, image=img, control_image=edges(img),
               strength=0.5, num_inference_steps=30, generator=g).images[0]
```

`strength` 0.5 ಇದ್ದಾಗ ಆ 30 ಹೆಜ್ಜೆಗಳಲ್ಲಿ ನಡೆಯುವುದು 15 ಮಾತ್ರ. ಮುಖದ ಆಕಾರ ಉಳಿಯಲು ಇಷ್ಟರಲ್ಲೇ ಇರಬೇಕು. ಗೆರೆಗಳನ್ನು ಹಿಡಿದಿಡಲು ಜೊತೆಗೆ ಕಂಟ್ರೋಲ್‌ನೆಟ್ ಇದೆ. ಇಷ್ಟಾದರೂ ಗುರು ಕಣ್ಣನ್ನು ನಾಲ್ಕೈದು ಪಿಕ್ಸೆಲ್ ಅತ್ತಿತ್ತ ಸರಿಸುತ್ತಾನೆ. ಒಂದೇ ಚಿತ್ರ ನೋಡುವವರಿಗೆ ಅದು ಗೊತ್ತೇ ಆಗಲ್ಲ. ಶಿಷ್ಯನಲ್ಲಿ ಮಾತ್ರ ಎರಡೆರಡು ರೆಪ್ಪೆ ಮೂಡುತ್ತವೆ. ಅದಕ್ಕೆ ಫೋಟೋ ಮತ್ತು ಚಿತ್ರ ಎರಡರ ಮೇಲೂ ಮುಖದ ಲ್ಯಾಂಡ್‌ಮಾರ್ಕ್ ಹುಡುಕಿಸಿ, ಕಣ್ಣು–ಬಾಯಿಯ ಬಿಂದುಗಳು ದೂರ ಹೋದ ಜೋಡಿಗಳನ್ನು ಕಿತ್ತೆಸೆದೆ. ಮುಖ ತೀರಾ ಚಿಕ್ಕದಿರುವ ಫೋಟೋಗಳೂ ಹೊರಗೆ. ಈ ಮಾಡೆಲ್ 512 ಪಿಕ್ಸೆಲ್ ಚಿತ್ರವನ್ನು ಒಳಗೆ 64ಕ್ಕೆ ಇಳಿಸಿ ಕೆಲಸ ಮಾಡುತ್ತದೆ. 80 ಪಿಕ್ಸೆಲ್ ಅಗಲದ ಮುಖಕ್ಕೆ ಅಲ್ಲಿ ಸಿಗುವುದು ಹತ್ತು ಚೌಕ. ಅದರಲ್ಲಿ ಕಣ್ಣು ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ ನನಗೆ ಮುಖ್ಯ. ವಾಟರ್‌ಕಲರ್ ಅಂದ ಕೂಡಲೇ ನನ್ನ ಗುರು ಎಲ್ಲರನ್ನೂ ಬೆಳ್ಳಗೆ ಮಾಡುತ್ತಿದ್ದ. ಕಪ್ಪು ಮೈಬಣ್ಣದ ಮುಖ ಎರಡು ಶೇಡ್ ತಿಳಿಯಾಗಿ ಬರುತ್ತಿತ್ತು. ಒಂದೊಂದಾಗಿ ನೋಡಿದರೆ "ಲೈಟಿಂಗ್ ಇರಬಹುದು" ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಬಣ್ಣ ಬಯಲಾಗುತ್ತದೆ. ಮುಖದ ಭಾಗವನ್ನು ಬೆಳಕು, ಬಣ್ಣ ಬೇರೆಬೇರೆ ಇಡುವ ಲ್ಯಾಬ್ ಮಾದರಿಗೆ ತಿರುಗಿಸಿ, ಬೆಳಕಿನ ಸರಾಸರಿಯನ್ನು ಫೋಟೋ ಮತ್ತು ಚಿತ್ರದ ನಡುವೆ ಹೋಲಿಸಿದೆ. ಗಾಢ ಮೈಬಣ್ಣದವರಲ್ಲೇ ವ್ಯತ್ಯಾಸ ಜಾಸ್ತಿ. ಪ್ರಾಂಪ್ಟ್ ಬದಲಿಸಿ ನೋಡಿದರೆ ಅಲ್ಪಸ್ವಲ್ಪ ಸುಧಾರಿಸಿತು, ಅಷ್ಟೇ. ಕೊನೆಗೆ ಚಿತ್ರದ ಬೆಳಕಿನಲ್ಲಿ ಮಸುಕಾದ, ದೊಡ್ಡ ಮಟ್ಟದ ಭಾಗವನ್ನಷ್ಟೇ ಫೋಟೋದಿಂದ ತಂದು ಕೂರಿಸಿದೆ. ಕುಂಚದ ಗುರುತು ಚಿತ್ರದ್ದು, ಮೈಬಣ್ಣ ಅವರವರದ್ದು. ಇದನ್ನು ಜೋಡಿಗಳಲ್ಲೇ ಸರಿಮಾಡಿದರೆ ಫೋನಿನಲ್ಲಿ ಏನೂ ಖರ್ಚಿಲ್ಲ.

ಇನ್ನು ಶಿಷ್ಯ. ಲೆಕ್ಕ ಕಡಿಮೆ ಬೇಡುವ ಡೆಪ್ತ್‌ವೈಸ್ ಕನ್ವಲ್ಯೂಷನ್ ಇರುವ ಸಣ್ಣ ಯು-ನೆಟ್. ತರಬೇತಿಗೆ ಎಲ್‌1, ಅದರ ಜೊತೆ ವಿಜಿಜಿ ನೆಟ್‌ವರ್ಕ್‌ನ ಫೀಚರ್‌ಗಳನ್ನು ಹೋಲಿಸುವ ಪರ್ಸೆಪ್ಚುವಲ್ ಲಾಸ್, ಚಿತ್ರದ ತುಣುಕುಗಳು ಅಸಲಿಯೋ ನಕಲಿಯೋ ಎಂದು ತೀರ್ಪು ಕೊಡುವ ಪ್ಯಾಚ್ ಗ್ಯಾನ್ ಸ್ವಲ್ಪ. ಮೇಲಕ್ಕೆ ಹಿಗ್ಗಿಸುವಾಗ ಟ್ರಾನ್ಸ್‌ಪೋಸ್ ಕನ್ವಲ್ಯೂಷನ್ ಬೇಡ, ಚೌಕಾಬಾರದ ಮನೆಗಳ ಹಾಗೆ ಕಲೆ ಬೀಳುತ್ತದೆ. ರೀಸೈಜ್ ಮಾಡಿ ಕನ್ವಲ್ಯೂಷನ್ ಹಾಕಿದರೆ ಸಾಕು.

ಒಳಗಿನ ಸಂಖ್ಯೆಗಳನ್ನು ಒಂದು ಹದಕ್ಕೆ ತರುವ ನಾರ್ಮಲೈಸೇಷನ್ ಯಾವುದು ಅನ್ನುವುದು ನಿಜವಾದ ಪ್ರಶ್ನೆ. ಸ್ಟೈಲ್ ನೆಟ್‌ವರ್ಕ್‌ಗಳಲ್ಲಿ 2016ರಿಂದ ಇನ್‌ಸ್ಟನ್ಸ್ ನಾರ್ಮ್ ರೂಢಿ. ಒಂಟಿ ಚಿತ್ರಕ್ಕೆ ಅದು ಚೆನ್ನ. ಲೈವ್ ಕ್ಯಾಮೆರಾಗೆ ಆಗಿಬರಲ್ಲ. ಅದು ಪ್ರತಿ ಫ್ರೇಮ್‌ನ ಸರಾಸರಿಯನ್ನು ಆ ಫ್ರೇಮ್‌ನಿಂದಲೇ ಲೆಕ್ಕ ಹಾಕುತ್ತದೆ. ಫೋನ್ ಸ್ವಲ್ಪ ವಾಲಿಸಿ ಮೂಲೆಯಲ್ಲಿ ಟ್ಯೂಬ್‌ಲೈಟ್ ಬಂತು ಅನ್ನಿ, ಕೆನ್ನೆಯ ಬಣ್ಣವೂ ಬದಲಾಗುತ್ತದೆ. ಇನ್ನೊಂದು ತೊಂದರೆ ಫೋನ್ ಜಿಪಿಯು ಮೇಲೆ ಮಾತ್ರ ಕಾಣುತ್ತದೆ. ಅಲ್ಲಿ ಲೆಕ್ಕ 16 ಬಿಟ್‌ನಲ್ಲಿ ನಡೆದರೆ ಅತಿ ದೊಡ್ಡ ಸಂಖ್ಯೆ 65504. ಇಡೀ ಫ್ರೇಮ್‌ನ ಸಂಖ್ಯೆಗಳ ವರ್ಗವನ್ನು ಕೂಡುತ್ತಾ ಹೋದರೆ ಅದನ್ನು ಸುಲಭವಾಗಿ ದಾಟುತ್ತದೆ, ಆಗ ಪರದೆ ಕಪ್ಪು. ಕಂಪ್ಯೂಟರ್‌ನಲ್ಲಿ ಎಲ್ಲ ಸರಿ, ಫೋನಿನಲ್ಲಿ ಮಾತ್ರ ಆಗಾಗ ಕಪ್ಪು ಅಂದರೆ ಮೊದಲು ಇಲ್ಲಿ ನೋಡಿ. ಬ್ಯಾಚ್ ನಾರ್ಮ್‌ನಲ್ಲಿ ಎರಡೂ ತೊಂದರೆ ಇಲ್ಲ. ಸರಾಸರಿ ತರಬೇತಿಯಲ್ಲೇ ನಿಗದಿಯಾಗಿರುತ್ತದೆ, ಆಮೇಲೆ ಕನ್ವಲ್ಯೂಷನ್‌ನ ತೂಕಗಳೊಳಗೇ ಮಡಚಿಬಿಡಬಹುದು.

ಆದರೂ ಮಿನುಗುವುದು ಪೂರ್ತಿ ನಿಲ್ಲಲಿಲ್ಲ. ಮುಖ ಅಲ್ಲಾಡದೆ ಕೂತರೂ ಕುಂಚದ ಕಲೆಗಳು ಹರಿದಾಡುತ್ತಿದ್ದವು. ಗುರು ಒಂಟಿ ಫೋಟೋಗಳನ್ನಷ್ಟೇ ನೋಡಿದವನು, ವಿಡಿಯೋ ಜೋಡಿ ಅವನಿಂದ ಸಿಗಲ್ಲ. ಅದು ಬೇಕೂ ಇಲ್ಲ. ಫೋಟೋವನ್ನು ಕೆಲವು ಪಿಕ್ಸೆಲ್ ಸರಿಸಿ, ಸ್ವಲ್ಪ ಕ್ಯಾಮೆರಾ ನಾಯ್ಸ್ ಸೇರಿಸಿ. ಉತ್ತರವೂ ಅಷ್ಟೇ ಸರಿಯಬೇಕು, ಬೇರೇನೂ ಬದಲಾಗಬಾರದು:

```python
dy, dx = random.randint(-8, 8), random.randint(-8, 8)
x2 = torch.roll(x, (dy, dx), dims=(2, 3))
x2 = x2 + 0.03 * torch.randn_like(x2)
want = torch.roll(student(x), (dy, dx), dims=(2, 3))
loss_t = (student(x2) - want)[..., 32:-32, 32:-32].abs().mean()
```

ಅಂಚು ಕತ್ತರಿಸುವುದು ಯಾಕೆಂದರೆ `roll` ಒಂದು ಬದಿಯ ಪಿಕ್ಸೆಲ್‌ಗಳನ್ನು ಇನ್ನೊಂದು ಬದಿಗೆ ತರುತ್ತದೆ. ಈ ಲಾಸ್‌ನ ತೂಕ ಜಾಸ್ತಿ ಮಾಡಿದರೆ ಚಿತ್ರ ಸಪ್ಪೆಯಾಗುತ್ತದೆ, ಗ್ಯಾನ್‌ನ ತೂಕ ಜಾಸ್ತಿ ಮಾಡಿದರೆ ಕಲೆಗಳು ಮತ್ತೆ ಓಡಾಡುತ್ತವೆ. ನಾನು ಗ್ಯಾನ್ ಅನ್ನೇ ಇಳಿಸಿದೆ.

ಹಾಗೆ ಇಳಿಸಲು ಸಾಧ್ಯವಾಗಿದ್ದು ಕಾಗದದ ತರಿಯನ್ನು ಶಿಷ್ಯನಿಂದ ಕಿತ್ತುಕೊಂಡದ್ದರಿಂದ. ಗುರುವಿನ ಚಿತ್ರದಲ್ಲಿ ಒರಟು ಕಾಗದದ ತರಿ ಕಾಣುತ್ತದೆ, ನೋಡೋಕೆ ಚೆಂದ. ಅದಕ್ಕೂ ಫೋಟೋಗೂ ಸಂಬಂಧ ಇಲ್ಲ, ಹಾಗಾಗಿ ಕಲಿಯಲು ಏನೂ ಇಲ್ಲ. ಎಲ್‌1 ಅದನ್ನು ಅಳಿಸುತ್ತದೆ, ಗ್ಯಾನ್ ಪ್ರತಿ ಫ್ರೇಮಿಗೂ ಹೊಸದು ಹುಟ್ಟಿಸುತ್ತದೆ. ಗುರುವಿನ ಚಿತ್ರಗಳನ್ನು ಹಗುರವಾಗಿ ನಯಮಾಡಿ ತರಬೇತಿ ಕೊಟ್ಟು, ಕಾಗದವನ್ನು ಕೊನೆಯಲ್ಲಿ ಶೇಡರ್‌ನಲ್ಲಿ ಒಂದು ಟೆಕ್ಸ್ಚರ್ ಆಗಿ ಗುಣಿಸಿದೆ.

ಫೋನಿನಲ್ಲಿ ಓಡಿಸುವುದು ಟಿಎಫ್‌ಲೈಟ್‌ನ ಜಿಪಿಯು ಡೆಲಿಗೇಟ್‌ನಲ್ಲಿ, 16 ಬಿಟ್‌ನಲ್ಲಿ. 8 ಬಿಟ್‌ಗೆ ಇಳಿಸಿದಾಗ ಹಣೆಯ ಮೇಲಿನ ನಯವಾದ ಬಣ್ಣದಲ್ಲಿ ಪಟ್ಟೆ ಮೂಡಿತು, ಬಿಟ್ಟೆ. ಫ್ರೇಮನ್ನು ಸಿಪಿಯುಗೆ ತಂದು ಮತ್ತೆ ಜಿಪಿಯುಗೆ ಕಳಿಸುವ ದಾರಿ ಹಿಡಿಯಬೇಡಿ, ಆ ಓಡಾಟದಲ್ಲೇ ಮಿಲಿಸೆಕೆಂಡುಗಳು ಹೋಗುತ್ತವೆ. ವೇಗ ಅಳೆಯುವುದು ಆಪ್ ತೆರೆದ ತಕ್ಷಣ ಅಲ್ಲ, ಹತ್ತು ನಿಮಿಷ ಓಡಿಸಿ ಫೋನ್ ಬಿಸಿಯಾದ ಮೇಲೆ. ಬಿಸಿಯಾದರೆ ಜಿಪಿಯು ತಾನೇ ನಿಧಾನ ಆಗುತ್ತದೆ. ನಾನು ಚಾನೆಲ್‌ಗಳನ್ನು ಕಡಿಮೆ ಮಾಡಿದ್ದು ಆ ಬಿಸಿ ಅಂಕಿ ನೋಡಿಕೊಂಡೇ.

ಕೈ ಮುಖಕ್ಕೆ ಅಡ್ಡ ಬಂದರೆ ಬೆರಳುಗಳು ಈಗಲೂ ಕಲಸಿಹೋಗುತ್ತವೆ. ಗುರುವಿಗೇ ಬೆರಳು ಸರಿಯಾಗಿ ಬರೆಯಲು ಬರಲ್ಲ, ಆ ಜೋಡಿಗಳು ಸೋಸುವಾಗಲೇ ಹೊರಗೆ ಹೋಗಿವೆ. ಸದ್ಯಕ್ಕೆ ಕೈ ಇರುವ ಫೋಟೋಗಳಲ್ಲಿ `strength` ಅನ್ನು 0.3ಕ್ಕೆ ಇಳಿಸಿ ಬೇರೆ ಜೋಡಿಗಳನ್ನು ಮಾಡುತ್ತಿದ್ದೇನೆ. ಸ್ಟೈಲ್ ಸ್ವಲ್ಪ ತೆಳುವಾಗುತ್ತದೆ, ಬೆರಳಂತೂ ಐದೇ ಇರುತ್ತವೆ.