ಕ್ರಯಪತ್ರದ ಹಣಕ್ಕೂ ಬ್ಯಾಂಕ್ ಲೆಕ್ಕಕ್ಕೂ ತಾಳೆ: ನನ್ನ ಅನುಭವ

"ಹಣ ಮುಟ್ಟಿದೆ ಅಂತ ಮಾರುವವರೇ ಸಹಿ ಹಾಕ್ತಾರೆ. ನಿಮಗ್ಯಾಕೆ ಸಾರ್ ಸ್ಟೇಟ್‌ಮೆಂಟು?" ಮೈಸೂರಿನಲ್ಲಿ ನನಗೆ ಗೊತ್ತಿರುವ ಪತ್ರ ಬರಹಗಾರರೆಲ್ಲ ಒಂದಲ್ಲ ಒಂದು ಸಲ ಇದನ್ನು ಕೇಳಿದ್ದಾರೆ. ಕ್ರಯಪತ್ರದಲ್ಲಿ ಬರೆದ ಹಣವನ್ನು ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆ ನೋಡುತ್ತೇನೆ ಅಂದಾಗ ನಮ್ಮ ಸೀನಿಯರ್ ಕೂಡ ನಕ್ಕಿದ್ದರು. ಈಗ ಅವರೇ ಡ್ರಾಫ್ಟ್ ನನ್ನ ಟೇಬಲ್‌ಗೆ ಕಳಿಸುತ್ತಾರೆ. ಅದಕ್ಕೆ ಕಾರಣವಾದ ಒಂದು ಮನೆಯ ವ್ಯವಹಾರ ಹೇಳುತ್ತೇನೆ.

ಕ್ರಯದ ಮೊತ್ತ 72 ಲಕ್ಷ. ಡ್ರಾಫ್ಟ್‌ನಲ್ಲಿ ಹಣದ ಕಲಂ ಹೀಗಿತ್ತು: ಅಗ್ರಿಮೆಂಟ್ ದಿನ ಚೆಕ್ಕಿನಲ್ಲಿ 5 ಲಕ್ಷ, ಆಮೇಲೆ ಆರ್‌ಟಿಜಿಎಸ್ ಮೂಲಕ 12 ಲಕ್ಷ, ಮಾರುವವರ ಹಳೇ ಸಾಲ ತೀರಿಸಲು ಅವರ ಬ್ಯಾಂಕಿನ ಹೆಸರಿಗೆ 18.40 ಲಕ್ಷದ ಡಿಡಿ, ಮಾರುವವರ ಹೆಸರಿಗೆ 35.88 ಲಕ್ಷದ ಡಿಡಿ, ಉಳಿದ 72 ಸಾವಿರ ಟಿಡಿಎಸ್. ಕೂಡಿಸಿದರೆ ಸರಿಯಾಗಿ 72 ಲಕ್ಷ.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಸ್ವಲ್ಪ ಚುರುಕಾದವರು ಕೊಳ್ಳುವವರ ಸ್ಟೇಟ್‌ಮೆಂಟ್ ತರಿಸಿ 5 ಲಕ್ಷ ಹೋಗಿದೆಯಾ, 12 ಲಕ್ಷ ಹೋಗಿದೆಯಾ ಅಂತ ಟಿಕ್ ಹಾಕುತ್ತಾರೆ. ಇಲ್ಲಿ ಎರಡೂ ಹೋಗಿದ್ದವು, ಚೆಕ್ ನಂಬರೂ ಸರಿಯಿತ್ತು. ನಾನು ಖರ್ಚಿನ ಕಾಲಂ ಜೊತೆ ಜಮಾ ಕಾಲಂ ಕೂಡ ಓದುತ್ತೇನೆ. ಮಾರನೇ ದಿನವೇ ಅದೇ 5 ಲಕ್ಷ ವಾಪಸ್ ಜಮಾ ಆಗಿತ್ತು. ಅದರ ಕೆಳಗೆ ಐನೂರು ಚಿಲ್ಲರೆಯ ಚಾರ್ಜು ಬೇರೆ. ಚೆಕ್ ರಿಟರ್ನ್! ಅಕೌಂಟಿನಲ್ಲಿ ದುಡ್ಡಿತ್ತು, ಸಹಿ ಹೊಂದಿರಲಿಲ್ಲ ಅಷ್ಟೇ.

ಕೊಳ್ಳುವವರನ್ನು ಕೇಳಿದೆ. "ಅಯ್ಯೋ ಸಾರ್, ಅದು ಅವತ್ತೇ ಸರಿ ಮಾಡಿದೆವಲ್ಲ" ಅಂದರು. 3 ಲಕ್ಷ ತಮ್ಮ ಅಕೌಂಟಿನಿಂದ, 2 ಲಕ್ಷ ಹೆಂಡತಿ ಅಕೌಂಟಿನಿಂದ ಎನ್‌ಇಎಫ್‌ಟಿ ಮಾಡಿದ್ದರು. ಮಾರುವವರಿಗೂ ತಕರಾರಿಲ್ಲ, ದುಡ್ಡು ಬಂದಿತ್ತು. ಆದರೆ ಪತ್ರದಲ್ಲಿ ಕೂತಿದ್ದು ಹಣವೇ ಆಗದ ಚೆಕ್ಕಿನ ನಂಬರು. ನಾಳೆ ಮಾರುವವರ ಮಕ್ಕಳು ಕೋರ್ಟಿಗೆ ಹೋಗಿ "ಈ ಚೆಕ್ ರಿಟರ್ನ್ ಆಗಿದೆ" ಅಂತ ಬ್ಯಾಂಕಿನ ಪತ್ರ ತೋರಿಸಿದರೆ? ಹಣ ಕೊಟ್ಟವರೇ ವರ್ಷಗಟ್ಟಲೆ ಸಾಕ್ಷಿ ಹುಡುಕಿಕೊಂಡು ಓಡಾಡಬೇಕು.

ಹಾಗಾಗಿ ಚೆಕ್ಕಿನ ಸಾಲು ತೆಗೆಸಿದೆ. ಅದರ ಜಾಗದಲ್ಲಿ ಎರಡು ಎನ್‌ಇಎಫ್‌ಟಿಗಳ ತಾರೀಕು, ಮೊತ್ತ, ಯುಟಿಆರ್ ನಂಬರು ಬಂತು. 2 ಲಕ್ಷವನ್ನು ಕೊಳ್ಳುವವರ ಪರವಾಗಿ ಅವರ ಹೆಂಡತಿ ಕೊಟ್ಟಿದ್ದಾರೆ, ಅದು ತಮಗೆ ಮುಟ್ಟಿದೆ ಅಂತ ಮಾರುವವರ ಕಡೆಯಿಂದ ಬರೆಸಿದೆ. ನೋಂದಣಿಗೆ ಮುಂಚೆ ಇದು ಅರ್ಧ ಗಂಟೆ ಕೆಲಸ. ನೋಂದಣಿ ಆದಮೇಲೆ ಗೊತ್ತಾಗಿದ್ದರೆ ತಿದ್ದುಪಡಿ ಪತ್ರ, ಅದರ ಖರ್ಚು, ಮಾರಿ ದುಡ್ಡು ಎಣಿಸಿಕೊಂಡ ಮನುಷ್ಯನನ್ನು ಮತ್ತೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆತರುವ ಗೋಳು.

ನನ್ನ ಶೀಟಿನಲ್ಲಿ ಪತ್ರದ ಒಂದೊಂದು ಕಂತಿಗೂ ಒಂದು ಸಾಲು. ಅದರ ಎದುರಿಗೆ ಮೂರು ಮನೆ: ಪತ್ರ ಏನು ಹೇಳುತ್ತದೆ, ಕೊಟ್ಟವರ ಕಡೆ ಯಾವ ತಾರೀಕು, ಪಡೆದವರ ಕಡೆ ಯಾವ ತಾರೀಕು. ಮೂರೂ ತುಂಬದಿದ್ದರೆ ಆ ಕಂತು ಮುಟ್ಟಿಲ್ಲ ಅಂತಲೇ ನನ್ನ ಲೆಕ್ಕ. ಮೊತ್ತ ನೋಡಿ ಹೊಂದಿಸುವುದಿಲ್ಲ, ಯುಟಿಆರ್ ಅಥವಾ ಚೆಕ್ ನಂಬರಿನಿಂದಲೇ ಹೊಂದಿಸುತ್ತೇನೆ. ದುಂಡು ಮೊತ್ತಗಳು ಒಂದನ್ನೊಂದು ಹೋಲುತ್ತವೆ ಅಲ್ವಾ, 3 ಲಕ್ಷ ಕೈಗಡ ಕೊಟ್ಟಿದ್ದೂ ಇದೇ ತರ ಕಾಣುತ್ತದೆ.

ಇದನ್ನೆಲ್ಲ ಎಕ್ಸೆಲ್‌ಗೇ ಬಿಟ್ಟು ನೋಡೋಣ ಅಂತ ಒಂದಷ್ಟು ದಿನ ಒದ್ದಾಡಿದ್ದೆ. 000417 ಅಂತಿದ್ದ ಚೆಕ್ ನಂಬರು 417 ಆಗಿಬಿಡುತ್ತಿತ್ತು. ಐಎಂಪಿಎಸ್‌ನ 12 ಅಂಕಿಯ ನಂಬರು 5.1E+11 ತರ ಏನೋ ಆಗಿ ಕೂರುತ್ತಿತ್ತು. ಚೆಕ್ಕಿಗೆ ಈ ಸೂತ್ರ ಸಾಕಾಯಿತು:

```
=TEXT(A2,"000000")
```

ಉಳಿದ ನಂಬರಿನ ಕಾಲಮ್ಮುಗಳನ್ನು ಅಂಟಿಸುವ ಮುಂಚೆಯೇ Text ಮಾಡಿಕೊಳ್ಳಬೇಕು. ಆದರೂ ಒಂದು ಮನೆ ವ್ಯವಹಾರದಲ್ಲಿ ಆರೇಳು ಸಾಲಿಗಿಂತ ಜಾಸ್ತಿ ಇರುವುದಿಲ್ಲ. ಈಗ ಕೈಯಲ್ಲೇ ಬರೆಯುತ್ತೇನೆ.

ಇನ್ನು ಡಿಡಿಗಳ ವಿಷಯ. ಕೊಳ್ಳುವವರು ತಮ್ಮ ಗೃಹಸಾಲದಿಂದ ಮಾಡಿಸಿದ ಡಿಡಿ ಅವರ ಎಸ್‌ಬಿ ಅಕೌಂಟಿನಲ್ಲಿ ಕಾಣುವುದೇ ಇಲ್ಲ. ಅದು ಅವರ ಗೃಹಸಾಲದ ಅಕೌಂಟಿನಲ್ಲಿ ಇರುತ್ತದೆ, ಆ ಸ್ಟೇಟ್‌ಮೆಂಟ್ ಬೇರೆಯೇ ಕೇಳಬೇಕು. ಹಾಗೇ ಮಾರುವವರ ಬ್ಯಾಂಕಿಗೆ ಕೊಟ್ಟ 18.40 ಲಕ್ಷ ಮಾರುವವರ ಎಸ್‌ಬಿಗೆ ಬರುವುದಿಲ್ಲ, ಅವರ ಹಳೇ ಸಾಲದ ಅಕೌಂಟಿಗೆ ಹೋಗುತ್ತದೆ. ನಮ್ಮ ಕೇಸಿನಲ್ಲಿ ಸಾಲದ ಬಾಕಿ ಹದಿನೆಂಟು ಲಕ್ಷದ ಮೂವತ್ತಾರು ಸಾವಿರದ ಆಸುಪಾಸು. ದಿನದ ಬಡ್ಡಿ ಏರುತ್ತದೆ ಅಂತ ಡಿಡಿಯನ್ನು ಸ್ವಲ್ಪ ಜಾಸ್ತಿಗೇ ಮಾಡಿಸಿದ್ದರು. ಮಿಕ್ಕ ನಾಲ್ಕು ಸಾವಿರ ಚಿಲ್ಲರೆ ವಾರದಲ್ಲಿ ಮಾರುವವರ ಎಸ್‌ಬಿಗೆ ಬಂತು. ಪತ್ರದಲ್ಲಿ ಬರೆಯಬೇಕಾದ್ದು ಡಿಡಿಯ ಮೊತ್ತ, ಬಾಕಿಯ ಮೊತ್ತ ಅಲ್ಲ. ಇದರಲ್ಲಿ ಎಡವಿ ಲೆಕ್ಕ ಕೂಡದೆ ತಲೆಕೆಡಿಸಿಕೊಂಡವರನ್ನು ನೋಡಿದ್ದೇನೆ. ಡಿಡಿ ನಗದಾಗಿದ್ದು ನೋಂದಣಿ ಆದಮೇಲಷ್ಟೇ ಗೊತ್ತಾಗುವುದರಿಂದ ನನ್ನ ಶೀಟು ಆಮೇಲೂ ಒಂದೆರಡು ವಾರ ತೆರೆದೇ ಇರುತ್ತದೆ.

ಟಿಡಿಎಸ್ ನಿಮಗೆಲ್ಲ ಗೊತ್ತು: 50 ಲಕ್ಷ ಮುಟ್ಟಿದರೆ ಶೇ. 1. ಬ್ಯಾಂಕಿನಿಂದ ಮಾರುವವರಿಗೆ ಹೋಗುವುದು 71.28 ಲಕ್ಷವೇ. "72 ಸಾವಿರ ಕಡಿಮೆ ಇದೆ" ಅಂತ ಗಾಬರಿ ಆಗದೆ ಟಿಡಿಎಸ್ ಚಲನ್ನನ್ನು ಆ ಸಾಲಿನ ಎದುರಿಗೆ ಬರೆಯಿರಿ. ನಮ್ಮ ಪಾರ್ಟಿ ಕಂತು ಕಂತಿಗೆ ಹಿಡಿಯದೆ ಕೊನೆಗೆ ಒಟ್ಟಿಗೆ ಹಿಡಿದರು. ಮೊದಲ 17 ಲಕ್ಷದ ಪಾಲಿನ ಟಿಡಿಎಸ್ ಮೇಲೆ ತಿಂಗಳಿಗೆ ಶೇ. 1ರಂತೆ ಬಡ್ಡಿ, ಐನೂರರ ಹತ್ತಿರ ಹೋಯಿತು. ದೊಡ್ಡ ದುಡ್ಡಲ್ಲ, ಆದರೆ ಸುಮ್ನೆ ದಂಡ.

ಮಾರುವವರ ಸ್ಟೇಟ್‌ಮೆಂಟನ್ನು ಹೇಗೆ ತರಿಸುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಅವರು ಸುಲಭಕ್ಕೆ ಕೊಡುವುದಿಲ್ಲ, ನಿಜ. ನನಗೊಂದು ದಾರಿ ಇದೆ, ಅದು ನನ್ನ ಹೊಟ್ಟೆಪಾಡು, ಇಲ್ಲಿ ಬಿಚ್ಚುವುದಿಲ್ಲ. ಸಿಕ್ಕಿದಮೇಲೆ ಏನು ನೋಡಬೇಕು ಅಂತ ಮಾತ್ರ ಹೇಳುತ್ತೇನೆ. ಹಣ ಬಂದ ನಂತರದ ಒಂದು ತಿಂಗಳೂ ಬೇಕು. ಬಂದ ಹಣ ಎರಡು ಮೂರು ಕೈ ದಾಟಿ ಕೊಳ್ಳುವವರ ಕಡೆಯವರಿಗೇ ವಾಪಸ್ ಹೋಗಿದ್ದರೆ ಅಲ್ಲಿ ಮಾರಾಟವೇ ನಡೆದಿಲ್ಲ, ಬರೀ ಕಾಗದ ನಡೆದಿದೆ. ಇಂಥದ್ದೊಂದು ಸಿಕ್ಕಿತ್ತು. ಆ ಫೈಲನ್ನು ವಾಪಸ್ ಕಳಿಸಿದೆ, ಫೀಸೂ ಬರಲಿಲ್ಲ.

ಹಳೇ ಪತ್ರಗಳಿಗೂ ಇದೇ ರೀತಿ ಮಾಡಿ ನೋಡಿದೆ. ಹದಿನೈದು ವರ್ಷ ಹಿಂದಿನ ಒಂದು ಕ್ರಯಕ್ಕೆ ಬ್ಯಾಂಕಿನವರು ದಾಖಲೆ ಇಲ್ಲ ಅಂದರು. ಮಾರಿದವರ ಮನೆಯ ಹಳೇ ಪಾಸ್‌ಬುಕ್ಕಿನಲ್ಲಿ ಚೆಕ್ ನಂಬರ್ ಸಮೇತ ಸಿಕ್ಕಿತು. ಅಂಥ ಅದೃಷ್ಟ ದಿನಾ ಇರುವುದಿಲ್ಲ.

ಪತ್ರಕ್ಕಿಂತ ಮೇಲೆ ಕೈಯಿಂದ ಕೈಗೆ ಹೋದ ನಗದನ್ನು ಈ ಶೀಟು ಹಿಡಿಯುವುದಿಲ್ಲ. ಪತ್ರದ ಒಳಗೇ 2 ಲಕ್ಷ ಅಥವಾ ಜಾಸ್ತಿ ನಗದು ಬರೆದಿದ್ದರೆ ಮಾತ್ರ ನಾನು ಅಲ್ಲೇ ನಿಲ್ಲಿಸುತ್ತೇನೆ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಜಾಗವೊಂದರ ಮೊಕದ್ದಮೆಯಲ್ಲಿ, 75 ಲಕ್ಷ ನಗದು ಕೊಟ್ಟೆವು ಅನ್ನುವ ಅಗ್ರಿಮೆಂಟ್ ಮುಂದೆ ಬಂದಾಗ, ಇಂಥವನ್ನು ಕೋರ್ಟುಗಳೂ ಸಬ್‌ರಿಜಿಸ್ಟ್ರಾರ್‌ಗಳೂ ಆದಾಯ ತೆರಿಗೆಯವರಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ನನ್ನ ಪಾರ್ಟಿಗಳು ನಗದಿನ ಮಾತೆತ್ತುವುದು ಕಡಿಮೆಯಾಗಿದೆ.

ಈ ತಾಳೆ ಕೆಲಸಕ್ಕೆ ಒಪೀನಿಯನ್ ಫೀಸಿನ ಮೇಲೆ ನಾಲ್ಕು ಸಾವಿರ ತೆಗೆದುಕೊಳ್ಳುತ್ತೇನೆ. 72 ಲಕ್ಷದ ಮನೆಯವರು ಅದರಲ್ಲೂ ಐನೂರು ಚೌಕಾಸಿ ಮಾಡಿದರು.