ಛಾಯಾಚಿತ್ರವಿಲ್ಲದ ವೀರಗಲ್ಲಿಗೆ ವಿವರಣೆ ಬರೆದ ಬಗೆ: ಕಂಡದ್ದು ಮತ್ತು ಊಹಿಸಿದ್ದು

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಕೆರೆ ಏರಿಯ ಬದಿಯಲ್ಲಿ ನಿಂತಿದ್ದ ವೀರಗಲ್ಲೊಂದನ್ನು ನಾವು ಕೆಲವು ಗೆಳೆಯರು ಸೇರಿ ಸಿದ್ಧಪಡಿಸುತ್ತಿದ್ದ ದಾಖಲೆಗೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ದಿನ ತೆಗೆದ ಚಿತ್ರಗಳೆಲ್ಲ ಮೆಮೊರಿ ಕಾರ್ಡ್ ಕೆಟ್ಟು ಹೋದವು. ಮತ್ತೆ ತೆಗೆಯಲೆಂದು ಹೋಗುವಷ್ಟರಲ್ಲಿ ಪಕ್ಕದ ಗುಡಿಯ ಜೀರ್ಣೋದ್ಧಾರವಾಗಿ, ಕಲ್ಲಿಗೂ ದಪ್ಪನೆಯ ಎನಾಮಲ್ ಬಣ್ಣ ಬಳಿದು, ಆಕೃತಿಗಳಿಗೆ ಕಣ್ಣು, ಮೀಸೆ, ಕತ್ತಿಗಳನ್ನು ಹೊಸದಾಗಿ ಬರೆಯಲಾಗಿತ್ತು. ಬಣ್ಣ ಬಳಿದವರು ಭಕ್ತಿಯಿಂದಲೇ ಆ ಕೆಲಸ ಮಾಡಿದ್ದರು. ಆದರೆ ಕಲ್ಲಿನಲ್ಲಿ ಏನಿರಬೇಕೆಂದು ಅವರಿಗೆ ತೋಚಿತೋ ಅದು ಈಗ ಕಲ್ಲಿನ ಮೇಲೆಯೇ ಕುಳಿತಿತ್ತು. ಹೀಗಾಗಿ ಹಿಂದಿನ ಸ್ಥಿತಿಗೆ ಸಾಕ್ಷಿಯಾಗಿ ಉಳಿದದ್ದು ನನ್ನ ಟಿಪ್ಪಣಿ ಪುಸ್ತಕದ ಒಂದೂವರೆ ಪುಟ, ಅಳತೆ ಬರೆದಿದ್ದ ಒಂದು ಒರಟು ರೇಖಾಚಿತ್ರ ಮತ್ತು ನನ್ನೊಂದಿಗೆ ಬಂದಿದ್ದ ನಿವೃತ್ತ ಮೇಷ್ಟ್ರ ನೆನಪು ಮಾತ್ರ.

ವೀರಗಲ್ಲಿನ ವಿಷಯದಲ್ಲಿ ಒಂದು ವಿಶೇಷ ಅಪಾಯವಿದೆ. ಅದರ ಮಾದರಿ ನಮಗೆ ಮೊದಲೇ ಚೆನ್ನಾಗಿ ಗೊತ್ತಿರುತ್ತದೆ. ಮೂರು ಪಟ್ಟಿಕೆಗಳಿದ್ದರೆ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು ಎಂಬುದು ನೂರಾರು ಕಲ್ಲುಗಳಲ್ಲಿ ಕಂಡು ಕಣ್ಣಿಗೆ ಒಗ್ಗಿದ ಕ್ರಮ. ಸವೆದ ಕಲ್ಲಿನ ಮುಂದೆ ನಿಂತಾಗ ಈ ಪರಿಚಯವೇ ಖಾಲಿ ಜಾಗಗಳನ್ನು ತುಂಬಿಬಿಡುತ್ತದೆ. ಛಾಯಾಚಿತ್ರವಿದ್ದರೆ ಓದುಗರು ಬರಹವನ್ನು ಚಿತ್ರದೊಂದಿಗೆ ಹೋಲಿಸಿ ನೋಡಬಹುದು. ಚಿತ್ರವಿಲ್ಲದಾಗ ಬರಹಗಾರನ ಮಾತೇ ಕಲ್ಲಾಗಿಬಿಡುತ್ತದೆ. ಆದ್ದರಿಂದ ಪ್ರತಿಯೊಂದು ಮಾತೂ ಎಲ್ಲಿಂದ ಬಂತೆಂಬುದು ಗೊತ್ತಾಗುವ ಹಾಗೆ ಬರೆಯಬೇಕೆಂದು ನಿರ್ಧರಿಸಿದೆ.

ಮೊದಲು ನೆನಪಿಗೆ ಬಂದದ್ದನ್ನೆಲ್ಲ ತಡೆಯಿಲ್ಲದೆ ಒಂದು ಕರಡಿನಲ್ಲಿ ಬರೆದುಕೊಂಡು, ಟಿಪ್ಪಣಿ ಪುಸ್ತಕವನ್ನು ಆಮೇಲೆ ತೆರೆದೆ. ಈ ಕ್ರಮವನ್ನು ಬೇಕೆಂದೇ ಅನುಸರಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಸ್ಥಳದಲ್ಲಿ ನಿಂತು ಬರೆದದ್ದು ಯಾವುದು, ಮನೆಗೆ ಬಂದ ಮೇಲೆ ಮನಸ್ಸು ಸೇರಿಸಿದ್ದು ಯಾವುದು ಎಂಬುದು ತಾನಾಗಿ ಬೇರೆಯಾಗುತ್ತದೆ. ಕರಡಿನ ಪ್ರತಿ ವಾಕ್ಯಕ್ಕೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಕಲ್ಲಿನ ಮುಂದೆ ನಿಂತಿದ್ದರೆ ಇದನ್ನು ತೋರಿಸಲು ಬೆರಳನ್ನು ಎಲ್ಲಿ ಇಡುತ್ತಿದ್ದೆ? ಬೆರಳಿಡಲು ಜಾಗವಿದ್ದರೆ ಅದು ಕಂಡದ್ದು. ಜಾಗವಿಲ್ಲದಿದ್ದರೆ, ಅದು ಎಷ್ಟೇ ನಿಜವೆನಿಸಿದರೂ, ಅದರ ಸ್ಥಾನ ಬೇರೆ.

ಕೆಳಗಿನ ಪಟ್ಟಿಕೆಯ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಕರಡಿನಲ್ಲಿ ಅದು ಹೀಗಿತ್ತು: ‘ವೀರನು ತನ್ನ ಊರಿನ ಹಸುಗಳನ್ನು ಬಿಡಿಸಲು ಇಬ್ಬರು ಶತ್ರುಗಳೊಡನೆ ಬಿಲ್ಲು ಹಿಡಿದು ಹೋರಾಡುತ್ತಿದ್ದಾನೆ.’ ಓದಲು ಸೊಗಸಾಗಿರುವ ಈ ವಾಕ್ಯದಲ್ಲಿ ಬೆರಳಿಗೆ ಸಿಗುವುದು ತೀರ ಸ್ವಲ್ಪ. ಟಿಪ್ಪಣಿಯಲ್ಲಿದ್ದದ್ದು, ನೋಡುಗರ ಎಡಕ್ಕೆ ಒಂದು ದೊಡ್ಡ ಆಕೃತಿ, ಚಾಚಿದ ಕೈಯಲ್ಲಿ ಬಿಲ್ಲು, ಬಲಕ್ಕೆ ಅದಕ್ಕಿಂತ ಚಿಕ್ಕದಾದ ಎರಡು ಆಕೃತಿಗಳು, ದೊಡ್ಡ ಆಕೃತಿಯ ಹಿಂದೆ ನಾಲ್ಕುಕಾಲಿನ ಮೂರು ಪ್ರಾಣಿಗಳು, ಅವುಗಳಲ್ಲಿ ಮುಂದಿನದಕ್ಕೆ ಮಾತ್ರ ಕೊಂಬು ಸ್ಪಷ್ಟ, ಉಳಿದೆರಡರ ತಲೆಯ ಭಾಗ ಸವೆದಿದೆ ಎಂಬಷ್ಟೇ. ಹಸುಗಳು ಎಂಬ ಮಾತು ಒಂದು ಕೊಂಬಿನ ಮೇಲೆ ನಿಂತಿತ್ತು. ಊರಿನ ಹಸುಗಳು ಎಂಬುದಕ್ಕೆ ಕಲ್ಲಿನಲ್ಲಿ ಏನೂ ಇರಲಿಲ್ಲ, ಬಿಡಿಸಲು ಎಂಬುದಕ್ಕಂತೂ ಬೆರಳಿಡುವ ಪ್ರಶ್ನೆಯೇ ಬರುವುದಿಲ್ಲ. ತುರುಗಳನ್ನು ಕದ್ದೊಯ್ಯಲು ಬಂದವರೊಡನೆ ಹೋರಾಡಿ ಮಡಿದವರ ಕಲ್ಲುಗಳು ನಮ್ಮಲ್ಲಿ ಬಹಳವಾಗಿರುವುದರಿಂದ ಈ ಊಹೆ ಬಲವಾದದ್ದೇ. ಹಾಗಿದ್ದರೂ ಕದಿಯಲು ಹೋದವನೇ ಮಡಿದಿದ್ದರೂ ಶಿಲ್ಪಿ ಇದೇ ಬಿಲ್ಲು, ಇದೇ ಪ್ರಾಣಿಗಳನ್ನು ಕೆತ್ತಬಹುದಿತ್ತು.

ಇಂಥ ಕಡೆ ಶಿಲ್ಪ ಎಷ್ಟು ಹೇಳುತ್ತದೆ, ಅಕ್ಷರ ಎಷ್ಟು ಹೇಳುತ್ತದೆ ಎಂಬುದನ್ನು ಬೇರೆಬೇರೆಯಾಗಿ ನೋಡಲೇಬೇಕು. ಇದಕ್ಕೆ ಆತಕೂರಿನ ಪ್ರಸಿದ್ಧ ಕಲ್ಲು ಒಳ್ಳೆಯ ನಿದರ್ಶನ. ಹತ್ತನೆಯ ಶತಮಾನದ ಮಧ್ಯಭಾಗಕ್ಕೆ ಸೇರಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಕಾದಾಡುತ್ತಿರುವ ಶಿಲ್ಪವಿದೆ. ಆ ನಾಯಿಯ ಹೆಸರು ಕಾಳಿ, ಅದರ ಒಡೆಯ ಮಣಲೆರ, ಕಾದಾಟದಲ್ಲಿ ಎರಡೂ ಪ್ರಾಣಿಗಳು ಸತ್ತವು ಎಂಬುದು ನಮಗೆ ಗೊತ್ತಿರುವುದು ಶಾಸನದಲ್ಲಿ ಹಾಗೆ ಬರೆದಿರುವುದರಿಂದ. ಅಕ್ಷರಗಳು ಅಳಿಸಿಹೋಗಿದ್ದರೆ ಶಿಲ್ಪವೊಂದರಿಂದ ಹೆಸರನ್ನಾಗಲಿ ಒಡೆತನವನ್ನಾಗಲಿ ಯಾರೂ ತಿಳಿಯಲಾಗುತ್ತಿರಲಿಲ್ಲ.

ನಮ್ಮ ಕಲ್ಲಿನಲ್ಲಿಯೂ ಕೆಳಗಿನ ಮತ್ತು ನಡುವಿನ ಪಟ್ಟಿಕೆಗಳ ಮಧ್ಯದ ಅಂಚಿನಲ್ಲಿ ಒಂದು ಸಾಲು ಅಕ್ಷರಗಳಿದ್ದವು. ಮೊದಲಲ್ಲಿ ‘ಸ್ವ’ ಸ್ಪಷ್ಟವಾಗಿತ್ತು, ಅದರ ಪಕ್ಕದ ಒತ್ತಕ್ಷರದ ಕೆಳಗಿನ ಬಾಗು ಮಾತ್ರ ಉಳಿದಿತ್ತು, ಆಮೇಲೆ ‘ಶ್ರೀ’ ಇತ್ತು. ಸಾಲಿನ ಉತ್ತರಾರ್ಧದಲ್ಲಿ, ಹೋರಾಡಿ ಎಂಬರ್ಥದ ‘ಕಾದಿ’ ಎಂಬ ಎರಡು ಅಕ್ಷರಗಳನ್ನು ನೀರು ಚಿಮುಕಿಸಿ, ಬೆಳಗಿನ ಓರೆ ಬಿಸಿಲಿನಲ್ಲಿ ಓದಿಕೊಂಡಿದ್ದೆವು. ಶಾಸನಪಾಠ ಮುದ್ರಿಸುವಾಗ ಸವೆದು ಅರೆಬರೆ ಕಾಣುವ ಅಕ್ಷರವನ್ನು ಚೌಕ ಆವರಣದಲ್ಲಿ ಕೊಡುವ ರೂಢಿಯನ್ನೇ ಇಲ್ಲಿಯೂ ಹಿಡಿದು, ‘ಸ್ವ[ಸ್ತಿ] ಶ್ರೀ … ಕಾದಿ …’ ಎಂದು ಬರೆದೆ. ಚುಕ್ಕೆಗಳ ಜಾಗದಲ್ಲಿ, ತುರುಗಳನ್ನು ಕದ್ದೊಯ್ಯುವಾಗಿನ ಕಾಳಗದಲ್ಲಿ ಎಂಬರ್ಥದ ‘ತುಱುಗೊಳೊಳ್’ ಎಂದು ತುಂಬಬೇಕೆಂಬ ಆಸೆ ಬಲವಾಗಿಯೇ ಇತ್ತು, ಏಕೆಂದರೆ ಅಷ್ಟು ಅಕ್ಷರಗಳಿಗೆ ಅಲ್ಲಿ ಜಾಗವಿತ್ತು ಮತ್ತು ‘ಕಾದಿ’ಯ ಹಿಂದೆ ಆ ಮಾತು ಬರುವುದು ಸಾಮಾನ್ಯ. ಆದರೆ ಒಂದು ಗೆರೆಯೂ ಕಾಣದ ಕಡೆ ಆವರಣದೊಳಗೂ ಅಕ್ಷರ ಇಡಬಾರದು. ಒಬ್ಬನು ಕಾದಿದ ಎನ್ನಲು ಅಕ್ಷರದ ಆಧಾರವಿದೆ, ಯಾತಕ್ಕಾಗಿ ಕಾದಿದ ಎನ್ನಲು ಇಲ್ಲ.

ಮೇಲಿನ ಪಟ್ಟಿಕೆಯಲ್ಲಿ ಸಮಸ್ಯೆ ಬೇರೆ ರೀತಿಯದಾಗಿತ್ತು. ‘ಕುಳಿತ ಆಕೃತಿ, ಅದರ ಬಲಕ್ಕೆ ಗುಂಡನೆಯ ಉಬ್ಬು, ತುದಿಯಲ್ಲಿ ಬಲಗಡೆ ವೃತ್ತ, ಎಡಮೂಲೆ ಒಡೆದಿದೆ’ ಎಂದಷ್ಟೇ ಟಿಪ್ಪಣಿಯಲ್ಲಿತ್ತು. ಮೇಷ್ಟ್ರಿಗೆ ಮಾತ್ರ ಲಿಂಗ, ಅದರ ಪಾಣಿಪೀಠ, ಪಕ್ಕದಲ್ಲಿ ಗಂಟೆ ಹಿಡಿದ ಪೂಜಾರಿ ಎಲ್ಲವೂ ನೆನಪಿದ್ದವು. “ಮೇಷ್ಟ್ರೇ, ಪೂಜಾರಿಯ ಗಂಟೆ ಯಾವ ಕೈಯಲ್ಲಿತ್ತು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಈ ಕಲ್ಲಿನಲ್ಲೋ, ನಾವು ಅದಕ್ಕೂ ಮುಂಚೆ ನೋಡಿದ ಕಲ್ಲಿನಲ್ಲೋ ಹೇಳಲಾರೆನಪ್ಪ” ಎಂದರು. ಅದು ಪ್ರಾಮಾಣಿಕ ಉತ್ತರ, ಅಂಥ ಉತ್ತರದಿಂದ ದಾಖಲೆಗೆ ಬಹಳ ಉಪಕಾರವಾಗುತ್ತದೆ. ಒಂದೇ ದಿನ ಹಲವು ಕಲ್ಲುಗಳನ್ನು ನೋಡಿದಾಗ ಒಂದರ ವಿವರ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಸಣ್ಣ ವಿವರವನ್ನು ಹೀಗೆ ಒತ್ತಿ ಕೇಳಿದಾಗಲೇ ಆ ಅಂಟು ಬಿಡುವುದು. ಪೂಜಾರಿಯನ್ನು ಕಂಡದ್ದರ ಭಾಗದಿಂದ ತೆಗೆದೆ. ಉಬ್ಬನ್ನು ಉಬ್ಬೆಂದೇ ಉಳಿಸಿ, ಅದು ಲಿಂಗವಾಗಿರಬಹುದೆಂಬುದನ್ನು ಊಹೆಯ ಭಾಗದಲ್ಲಿ, ಅದು ಇರುವ ಸ್ಥಾನವೇ ಆ ಊಹೆಗೆ ಕಾರಣವೆಂದು ಹೇಳಿ, ಬರೆದೆ. ಒಡೆದ ಮೂಲೆಯಲ್ಲಿ ಚಂದ್ರನಿದ್ದನೆಂಬುದೂ ಅಲ್ಲಿಗೇ ಹೋಯಿತು.

ಕಾಣದಿದ್ದದ್ದನ್ನು ಬರೆಯುವುದರಲ್ಲಿಯೂ ಇಷ್ಟೇ ಎಚ್ಚರ ಬೇಕಾಯಿತು. ಕಲ್ಲಿನ ಹಿಂಬದಿ ಏರಿಯ ಮಣ್ಣಿಗೆ ಒರಗಿತ್ತು, ಬುಡ ಎಷ್ಟು ಆಳಕ್ಕೆ ಹೂತಿತ್ತೋ ಅಳೆಯಲಾಗಲಿಲ್ಲ. ಇಂಥ ಕಲ್ಲಿಗೆ ‘ಬೇರೆ ಶಾಸನವಿಲ್ಲ’ ಎಂದು ಬರೆದರೆ ಮುಂದೆ ಯಾರೂ ಬುಡ ಬಿಡಿಸಿ ನೋಡುವುದಿಲ್ಲ. ‘ನೆಲದಿಂದ ಮೇಲೆ 118 ಸೆಂ.ಮೀ. ಎತ್ತರದ, 71 ಸೆಂ.ಮೀ. ಅಗಲದ ಮುಂಭಾಗವನ್ನು ಮಾತ್ರ ನೋಡಲಾಗಿದೆ, ಹಿಂಬದಿಯನ್ನೂ ಹೂತ ಭಾಗವನ್ನೂ ನೋಡಿಲ್ಲ’ ಎಂದು ಬರೆದದ್ದು ಈ ಕಾರಣಕ್ಕೆ. ಎಡ ಬಲಗಳ ವಿಷಯದಲ್ಲಿಯೂ ಆರಂಭದಲ್ಲಿಯೇ ‘ನೋಡುಗರ ಎಡ, ನೋಡುಗರ ಬಲ’ ಎಂದು ಹೇಳಿಬಿಡುವುದು ಕ್ಷೇಮ, ಏಕೆಂದರೆ ಚಿತ್ರವಿಲ್ಲದ ಓದುಗರಿಗೆ ಅದು ಆಕೃತಿಯ ಎಡವೋ ನಮ್ಮ ಎಡವೋ ಎಂದು ತಿಳಿಯುವ ದಾರಿಯಿಲ್ಲ.

ಊರಿನ ಹಿರಿಯರು ಹೇಳಿದ್ದನ್ನು ಕಂಡದ್ದು, ಊಹೆ ಎಂಬ ಈ ಎರಡು ಭಾಗಗಳಲ್ಲಿ ಯಾವುದಕ್ಕೂ ಸೇರಿಸಲಿಲ್ಲ. ‘ದಂಡು ಬಂದಾಗ ಕೆರೆ ಕಾಯ್ದು ಸತ್ತನಂತೆ’ ಎಂಬ ಅವರ ಮಾತು ಕಲ್ಲಿನಲ್ಲಿ ಕಂಡದ್ದೂ ಅಲ್ಲ, ನನ್ನ ಊಹೆಯೂ ಅಲ್ಲ. ಕೇಳಿದ ಮಾತೆಂದು ಅದನ್ನು ಅವರ ಮಾತಿನಲ್ಲಿಯೇ ಬೇರೆ ಕೊಟ್ಟೆ. ಆ ಮಾತಿನಲ್ಲಿ ತುರುಗಳ ಪ್ರಸ್ತಾಪವೇ ಇಲ್ಲವೆಂಬುದು ನನ್ನ ಊಹೆಯನ್ನು ತೂಗುವವರಿಗೆ ಉಪಯೋಗಕ್ಕೆ ಬರುತ್ತದೆ.

ಬರೆದು ಮುಗಿಸಿದ ಮೇಲೆ, ಕಂಡದ್ದರ ಭಾಗವನ್ನು ಮಾತ್ರ ಆ ಕಲ್ಲನ್ನು ನೋಡಿರದ ಚಿತ್ರಕಲಾ ಶಿಕ್ಷಕಿಯೊಬ್ಬರಿಗೆ ಕೊಟ್ಟು, ಅದರಲ್ಲಿರುವಷ್ಟನ್ನೇ ಪೆನ್ಸಿಲ್‌ನಲ್ಲಿ ಬಿಡಿಸಲು ಕೇಳಿಕೊಂಡೆ. ಈ ಪರೀಕ್ಷೆಯನ್ನು ಯಾರೂ ಬಿಡಬಾರದೆಂದು ನನ್ನ ಅಭಿಪ್ರಾಯ. ಅವರ ಚಿತ್ರದಲ್ಲಿ ದೊಡ್ಡ ಆಕೃತಿಯ ಸೊಂಟದಲ್ಲಿ ಕಠಾರಿ ಬಂದಿತ್ತು, ನಡುವಿನ ಪಟ್ಟಿಕೆಯ ಪಕ್ಕದ ಇಬ್ಬರು ಹೆಂಗಸರಾಗಿದ್ದರು. ಏಕೆ ಹೀಗೆ ಎಂದು ಕೇಳಿದಾಗ, “ನೀವು ವೀರ ಎಂದು ಬರೆದಿದ್ದೀರಿ ಸರ್, ಇಲ್ಲಿ ಚಾಮರ ಎಂದಿದೆ” ಎಂದು ಆ ಎರಡು ಮಾತುಗಳನ್ನು ತೋರಿಸಿದರು. ಟಿಪ್ಪಣಿ ಪುಸ್ತಕದಲ್ಲಿದ್ದದ್ದು ಒಂದು ಕೈ ಮೇಲೆತ್ತಿದ ಎರಡು ಆಕೃತಿಗಳು, ಕೈಯಲ್ಲಿರುವುದರ ತುದಿ ಸವೆದಿದೆ ಎಂದು. ಆಗ ‘ವೀರ’ ಎಂಬಲ್ಲೆಲ್ಲ ‘ದೊಡ್ಡ ಆಕೃತಿ’ ಎಂದೂ ‘ಚಾಮರ’ದ ಜಾಗದಲ್ಲಿ ‘ತುದಿ ಸವೆದ ಕೋಲಿನಂಥ ವಸ್ತು’ ಎಂದೂ ತಿದ್ದಿ, ಅಪ್ಸರೆಯರನ್ನು ಊಹೆಯ ಭಾಗಕ್ಕೆ ಕಳಿಸಿದೆ.

ಕೊನೆಗೆ ಉಳಿದದ್ದು ಶೀರ್ಷಿಕೆಯ ಪ್ರಶ್ನೆ. ದಾಖಲೆಯ ಪಟ್ಟಿಗೆ ‘ತುರುಗೊಳ್ ವೀರಗಲ್ಲು, ಹನ್ನೆರಡನೆಯ ಶತಮಾನ’ ಎಂದು ಕೊಡಬೇಕೆಂದು ಗೆಳೆಯರು ಹೇಳಿದರು. ಕಾಲವನ್ನು ಹೇಳಿದ್ದು ಅಕ್ಷರಗಳ ದುಂಡನೆಯ ಬಗೆಯನ್ನು ನೋಡಿ, ಅದೂ ಓದಲು ಸಿಕ್ಕ ನಾಲ್ಕಾರು ಅಕ್ಷರಗಳಿಂದ. ಒಳಗೆ ಎಷ್ಟೇ ಎಚ್ಚರದಿಂದ ‘ಇರಬಹುದು’ ಎಂದು ಬರೆದರೂ, ಪಟ್ಟಿ ಮಾಡುವವರು ನಕಲು ಮಾಡಿಕೊಳ್ಳುವುದು ಶೀರ್ಷಿಕೆಯನ್ನು ಮಾತ್ರ. ಮುಂದೆ ಈ ಜಿಲ್ಲೆಯ ತುರುಗೊಳ್ ಕಲ್ಲುಗಳನ್ನು ಎಣಿಸುವವರ ಲೆಕ್ಕದಲ್ಲಿ ಒಂದು ಕೊಂಬಿನ ಆಧಾರದ ಊಹೆಯೂ ಒಂದು ಕಲ್ಲಾಗಿ ಸೇರಿಬಿಡುತ್ತದೆ. ಆದ್ದರಿಂದ ‘ಮೂರು ಪಟ್ಟಿಕೆಗಳ ವೀರಗಲ್ಲು, ಒಂದು ಸಾಲಿನ ಸವೆದ ಶಾಸನಸಹಿತ’ ಎಂದು ಶೀರ್ಷಿಕೆ ಕೊಟ್ಟು, ಕಾಲದ ಅಂಕಣವನ್ನು ಖಾಲಿ ಬಿಟ್ಟು, ತುರುಗೊಳ್ ಮತ್ತು ಹನ್ನೆರಡನೆಯ ಶತಮಾನ ಎರಡನ್ನೂ ಅವುಗಳ ಆಧಾರದೊಂದಿಗೆ ಊಹೆಯ ಭಾಗದಲ್ಲಿಯೇ ಇರಿಸಿದೆ.